ಚಿಕ್ಕಮ್ಮನ 48 ಲಕ್ಷ, ತಿಂಗಳಿಗೆ 27 ಸಾವಿರ: ನಾವು ಹೇಗೆ ಹೊಂದಿಸಿದ್ವಿ

ಚಿಕ್ಕಪ್ಪ ಹೋಗಿದ್ದು 2024ರ ನವೆಂಬರ್‌ನಲ್ಲಿ. ಚಿಕ್ಕಮ್ಮನಿಗೆ ಈಗ 68, ಮುಲುಂಡ್‌ನಲ್ಲಿ ಹಳೇ ಬಿಲ್ಡಿಂಗಿನಲ್ಲಿ ಸ್ವಂತ ಒಂದು ಬೆಡ್‌ರೂಮಿನ ಫ್ಲಾಟು, ಮಗಳು ಬೆಂಗಳೂರಲ್ಲಿ, ಮಗ ಪುಣೆಯಲ್ಲಿ. ದುಡ್ಡಿನ ವ್ಯವಹಾರ ಎಲ್ಲ ಚಿಕ್ಕಪ್ಪನೇ ನೋಡ್ಕೊಳ್ತಿದ್ರು, ಇವರು ಎಟಿಎಂ ಕಾರ್ಡ್ ಮುಟ್ಟಿದ್ದೇ 66ನೇ ವಯಸ್ಸಲ್ಲಿ. ನಾನು ಥಾಣೆಯಲ್ಲಿ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲಸ ಮಾಡೋನು, ಮನೆಯವರ, ನೆಂಟರ ಇನ್ಕಂ ಟ್ಯಾಕ್ಸ್ ರಿಟರ್ನು, ಪೋಸ್ಟ್ ಆಫೀಸ್ ಕೆಲಸ ಎಲ್ಲ ವರ್ಷಗಳಿಂದ ನನ್ನ ತಲೆಗೇ ಬಂದಿದೆ. 2025ರ ಮೇ ತಿಂಗಳಲ್ಲಿ ಒಂದು ಭಾನುವಾರ ಫೋನ್ ಮಾಡಿ "ಮಾರಾಯಾ, ಬ್ಯಾಂಕಿನವರು ಒಂದು ಪಾಲಿಸಿ ಕೊಟ್ಟಿದ್ದಾರೆ, ತಿಂಗಳು ತಿಂಗಳು ದುಡ್ಡು ಬರ್ತದಂತೆ, ನೀನೊಮ್ಮೆ ನೋಡಿ ಹೋಗು" ಅಂದ್ರು. ಅಲ್ಲಿಂದ ಶುರುವಾಗಿದ್ದು.

ಹೋಗಿ ನೋಡಿದ್ರೆ ಅದು ಇನ್ಶೂರೆನ್ಸ್ ಪಾಲಿಸಿ. ವರ್ಷಕ್ಕೆ 3 ಲಕ್ಷದಂತೆ 6 ವರ್ಷ ಕಟ್ಟಬೇಕು, ಆಮೇಲೆ ಒಂದು ವರ್ಷ ಸುಮ್ನೆ ಕಾಯಬೇಕು, ಅದಾದ ಮೇಲೆ ಗ್ಯಾರಂಟಿ ಆದಾಯ. ಗ್ಯಾರಂಟಿ ಅನ್ನೋದು ಸುಳ್ಳೇನಲ್ಲ, ಆದ್ರೆ ಮೊದಲ ರೂಪಾಯಿ ಕೈಗೆ ಬರೋ ಹೊತ್ತಿಗೆ ಚಿಕ್ಕಮ್ಮನಿಗೆ 75 ದಾಟಿರುತ್ತೆ, ಅಲ್ಲಿ ತನಕ ಕಟ್ಟೋ 18 ಲಕ್ಷ ಎಲ್ಲಿಂದ ಬರಬೇಕು ಅಂದ್ರೆ ಅವರದೇ ಸೇವಿಂಗ್ಸ್ ಅಕೌಂಟಿಂದ. ಅವರಿಗೆ ಬೇಕಿದ್ದದ್ದು ಮುಂದಿನ ತಿಂಗಳ ಖರ್ಚಿಗೆ ದುಡ್ಡು, ಸಿಕ್ಕಿದ್ದು 6 ವರ್ಷ ದುಡ್ಡು ಹಾಕಿ ಇನ್ನೊಂದು ವರ್ಷ ಕಾಯೋ ಕೆಲಸ. ಮೊದಲ 3 ಲಕ್ಷದ ಚೆಕ್ ಆಗಲೇ ಹೋಗಿತ್ತು. ಪುಣ್ಯಕ್ಕೆ ಪಾಲಿಸಿ ಪುಸ್ತಕ ಕೈಗೆ ಬಂದು 11 ದಿನ ಆಗಿತ್ತಷ್ಟೆ. ಪಾಲಿಸಿ ಬಂದ ದಿನದಿಂದ 30 ದಿನದ ಒಳಗೆ ಬೇಡ ಅಂತ ವಾಪಸ್ ಮಾಡೋ ಹಕ್ಕಿದೆ, ಫ್ರೀ ಲುಕ್ ಅಂತಾರೆ, 2024ಕ್ಕೆ ಮುಂಚೆ ಇದು 15 ದಿನ ಇತ್ತು. ಸೋಮವಾರವೇ ಇನ್ಶೂರೆನ್ಸ್ ಕಂಪನಿಯ ಬ್ರಾಂಚಿಗೆ ಹೋಗಿ ಕಾಗದದಲ್ಲಿ ಬರೆದುಕೊಟ್ಟು ಸೀಲ್ ಹಾಕಿಸ್ಕೊಂಡು ಬಂದ್ವಿ. ಬ್ಯಾಂಕಿನ ಹುಡುಗ "ಆಂಟೀ, ನಾನು ಹೇಳಿ ಮಾಡಿಸ್ತೀನಿ, ಬಿಡಿ" ಅಂತಿದ್ದ. ಅವನ ಮಾತು ನಂಬಿ ಕಾದಿದ್ರೆ 30 ದಿನ ಹಾಗೇ ಕಳೆದುಹೋಗ್ತಿತ್ತು. ಸ್ಟಾಂಪ್ ಡ್ಯೂಟಿ ಮತ್ತೆ ಚಿಲ್ಲರೆ ಹಿಡಿದು ಉಳಿದದ್ದು ಮೂರು ವಾರದಲ್ಲಿ ವಾಪಸ್ ಬಂತು.

ಸರಿ, ಈ ಪಾಲಿಸಿ ಬೇಡ ಅಂದ್ರೆ ಮತ್ತೇನು ಬೇಕು ಅಂತ ಕೂತಾಗ ಮೊದಲು ಕೇಳಿದ್ದು, ತಿಂಗಳಿಗೆ ಎಷ್ಟು ಖರ್ಚಾಗುತ್ತೆ ಅಂತ. "ನಂದೇನು ಖರ್ಚು, ಒಬ್ಳೇ, 15 ಸಾವಿರ ಸಾಕು" ಅಂದ್ರು. ವಯಸ್ಸಾದವರನ್ನ ಯಾರನ್ನೇ ಕೇಳಿ ಇದೇ ಉತ್ತರ ಬರೋದು, ಅದನ್ನ ನಂಬಿ ಪ್ಲಾನ್ ಮಾಡಿದ್ರೆ ಆರನೇ ತಿಂಗಳಿಗೆ ಎಫ್‌ಡಿ ಮುರಿಯೋಕೆ ಓಡಬೇಕಾಗುತ್ತೆ. ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಹಿಂದಿನ 6 ತಿಂಗಳು ಎಷ್ಟು ದುಡ್ಡು ಹೊರಗೆ ಹೋಗಿದೆ ಅಂತ ಕೂಡಿಸಿದೆ. ಕಿರಾಣಿ, ಹಾಲು, ತರಕಾರಿ, ಹಣ್ಣು ಸೇರಿ 9,000. ಸೊಸೈಟಿ ಮೇಂಟೆನೆನ್ಸ್, ಲೈಟ್ ಬಿಲ್, ಗ್ಯಾಸು, ಮೊಬೈಲು, ಕೇಬಲ್ 5,500. ಬಿಪಿ ಶುಗರ್ ಮಾತ್ರೆ ಮತ್ತೆ ಡಾಕ್ಟರು 4,000. ಕೆಲಸಕ್ಕೆ ಬರೋ ಬಾಯಿಗೆ 2,000. ಆಟೋ, ದೇವಸ್ಥಾನ, ಯಾರದೋ ಮದುವೆ ಮುಂಜಿ 2,500. ಇಷ್ಟಕ್ಕೇ 23,000 ಆಯ್ತು. ವರ್ಷಕ್ಕೊಮ್ಮೆ ಬರೋ ಖರ್ಚು ಯಾರಿಗೂ ನೆನಪೇ ಇರಲ್ಲ: ಮೆಡಿಕ್ಲೇಮ್ ಪ್ರೀಮಿಯಂ 34,000, ಊರಿಗೆ ಹೋಗಿ ಬರೋದು ಮತ್ತೆ ಹಬ್ಬದ್ದು 14,000, ಒಟ್ಟು 48,000, ಅಂದ್ರೆ ತಿಂಗಳಿಗೆ 4,000. ಸೇರಿಸಿದ್ರೆ 27,000. ಚಿಕ್ಕಮ್ಮ ಆ ಕಾಗದ ನೋಡಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ಕೇಬಲ್ ತೆಗೆಸಿಬಿಡ್ಲಾ?" ಅಂತ ಕೇಳಿದ್ರು. ಬೇಡ ಅಂದೆ.

ಇನ್ನು ದುಡ್ಡು ಎಲ್ಲೆಲ್ಲಿದೆ ಅಂತ ನೋಡಿದ್ವಿ. ಒಂದು ಸಹಕಾರಿ ಬ್ಯಾಂಕಲ್ಲಿ 19 ಲಕ್ಷ, ಎರಡು ಎಫ್‌ಡಿ, 10 ಮತ್ತೆ 9, ಎರಡೂ ಕೊನೆಗೆ ಬಡ್ಡಿ ಸೇರಿಸಿ ಕೊಡೋ ಥರದ್ದು. ಒಂದು ಪತ್‌ಪೇಢಿಯಲ್ಲಿ, ಅಂದ್ರೆ ಕ್ರೆಡಿಟ್ ಸೊಸೈಟಿಯಲ್ಲಿ, 8 ಲಕ್ಷ, ವರ್ಷಕ್ಕೆ ನೂರಕ್ಕೆ ಹತ್ತೂವರೆ ಬಡ್ಡಿ, ತಿಂಗಳು ತಿಂಗಳು ಕೈಗೆ 7,000. ರಾಷ್ಟ್ರೀಕೃತ ಬ್ಯಾಂಕಲ್ಲಿ 9 ಲಕ್ಷದ ಎಫ್‌ಡಿ. ಚಿಕ್ಕಪ್ಪನ ಪಿಎಫ್, ಇನ್ಶೂರೆನ್ಸ್ ಎಲ್ಲ ಬಂದು ಸೇವಿಂಗ್ಸ್ ಅಕೌಂಟಲ್ಲಿ ಸುಮ್ನೆ ಕೂತಿದ್ದು ಆ ವಾಪಸ್ ಬಂದ 3 ಲಕ್ಷವೂ ಸೇರಿ 12 ಲಕ್ಷ. ಒಟ್ಟು 48. ಇದಲ್ಲದೆ ಒಂದು ಲಕ್ಷ ಚಿಲ್ಲರೆ ಕೈಖರ್ಚಿಗೆ ಅಂತ ಅದೇ ಅಕೌಂಟಲ್ಲಿ ಬಿಟ್ವಿ, ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ. ಚಿಕ್ಕಪ್ಪನ ಪಿಎಫ್ ಪೆನ್ಶನ್‌ನಲ್ಲಿ ಹೆಂಡತಿಗೆ ಬರೋ ಪಾಲು ತಿಂಗಳಿಗೆ 1,900.

ಈಗ ಒಂದು ಸಲ ಯೋಚನೆ ಮಾಡಿ. ತಿಂಗಳು ತಿಂಗಳು ಬರ್ತಿದ್ದಿದ್ದು 1,900 ಪೆನ್ಶನ್, 7,000 ಪತ್‌ಪೇಢಿ. ಉಳಿದ 18 ಸಾವಿರ ಸೇವಿಂಗ್ಸ್ ಅಕೌಂಟಿಂದ ಕರಗ್ತಾ ಇತ್ತು. ಅಂದ್ರೆ ಅವರು ನೆಚ್ಚಿಕೊಂಡಿದ್ದ ಒಂದೇ ಒಂದು ಬಡ್ಡಿ ಎಲ್ಲಕ್ಕಿಂತ ಅಪಾಯದ ಜಾಗದಿಂದ ಬರ್ತಿತ್ತು, ಗಟ್ಟಿ ಜಾಗದಲ್ಲಿದ್ದ ದುಡ್ಡು ಕೈಗೆ ಏನೂ ಕೊಡ್ತಿರ್ಲಿಲ್ಲ. ಚಿಕ್ಕಮ್ಮನಿಗೆ ರಿಸ್ಕ್ ಅಂದ್ರೆ ಶೇರು. "ನಾವು ಶೇರಿಗೆ ಹೋಗ್ಲೇ ಇಲ್ವಲ್ಲ, ಎಲ್ಲ ಸೇಫೇ ಅಲ್ವಾ" ಅಂತ ಅವರ ಮಾತು. ನನಗೆ ಈ ಇಡೀ ಪ್ರಕರಣದಲ್ಲಿ ಕಷ್ಟ ಆಗಿದ್ದು ಈ ಒಂದು ಮಾತನ್ನ ಬಿಡಿಸಿ ಹೇಳೋದು, ಬಾಕಿ ಲೆಕ್ಕ ಎಲ್ಲ ಸುಲಭ.

ಪತ್‌ಪೇಢಿ ಅಂದ್ರೆ ಕ್ರೆಡಿಟ್ ಸೊಸೈಟಿ, ಬ್ಯಾಂಕಲ್ಲ. ರಿಸರ್ವ್ ಬ್ಯಾಂಕಿನ ಬ್ಯಾಂಕಿಂಗ್ ಲೈಸೆನ್ಸ್ ಇರಲ್ಲ, ಠೇವಣಿಗೆ ವಿಮೆ ಇರಲ್ಲ, ನಾಳೆ ಬಾಗಿಲು ಹಾಕಿದ್ರೆ ಸಹಕಾರ ಇಲಾಖೆಗೆ ಅರ್ಜಿ ಹಾಕ್ಕೊಂಡು ಅಲೆಯೋದು ಅಷ್ಟೆ. ಪಾಸ್‌ಬುಕ್ ಇದೆ, ಕೌಂಟರ್ ಇದೆ, ಮನೆಗೆ ಬಂದು ಪಿಗ್ಮಿ ಕಲೆಕ್ಟ್ ಮಾಡೋನು ಇದ್ದಾನೆ, ದೀಪಾವಳಿಗೆ ಸ್ವೀಟ್ ಬಾಕ್ಸ್ ಬರುತ್ತೆ, ಹಾಗಾಗಿ ಬ್ಯಾಂಕ್ ಅಂತಾನೇ ಜನ ಅಂದ್ಕೊಳ್ತಾರೆ. ದೊಡ್ಡ ಬ್ಯಾಂಕುಗಳು 7 ಕೊಡೋವಾಗ ಇವರು ಹತ್ತೂವರೆ ಹೇಗೆ ಕೊಡ್ತಾರೆ ಅಂದ್ರೆ, ಬ್ಯಾಂಕಲ್ಲಿ ಸಾಲ ಹುಟ್ಟದವರಿಗೆ ಹದಿನೈದು ಹದಿನಾರಕ್ಕೆ ಸಾಲ ಕೊಟ್ಟಿರ್ತಾರೆ. ಆ ಸಾಲ ವಾಪಸ್ ಬಂದ್ರೆ ನಿಮ್ಮ ದುಡ್ಡೂ ಬರುತ್ತೆ.

ಸಹಕಾರಿ ಬ್ಯಾಂಕಿನ ಕಥೆ ಬೇರೆ. ಅದು ನಿಜವಾದ ಬ್ಯಾಂಕು, ಬ್ಯಾಂಕ್ ಮುಳುಗಿದ್ರೆ ಠೇವಣಿ ಇಟ್ಟವರಿಗೆ ದುಡ್ಡು ಕೊಡೋ ಡಿಐಸಿಜಿಸಿ ವಿಮೆ ಇದೆ. ಆದ್ರೆ ಆ ವಿಮೆ ಒಂದು ಬ್ಯಾಂಕಲ್ಲಿ ಒಬ್ಬರಿಗೆ 5 ಲಕ್ಷಕ್ಕೆ ಮಾತ್ರ, ಅಸಲು ಬಡ್ಡಿ ಎರಡೂ ಸೇರಿ, ಎಷ್ಟು ಎಫ್‌ಡಿ ಇದ್ರೂ ಎಷ್ಟು ಬ್ರಾಂಚ್ ಆದ್ರೂ ಅಷ್ಟೇ. 19 ಲಕ್ಷದಲ್ಲಿ 14 ಲಕ್ಷಕ್ಕೆ ಯಾವ ಆಸರೆನೂ ಇಲ್ಲ. ಆ ಬ್ಯಾಂಕ್ ಕೆಟ್ಟದು ಅಂತ ನಾನು ಹೇಳ್ತಿಲ್ಲ, ಅದರ ಮೇಲೆ ಯಾವ ದೂರೂ ಇಲ್ಲ. ಆದ್ರೆ ಮುಂಬೈಯಲ್ಲಿ ಇರೋರಿಗೆ 2019ರ ಸೆಪ್ಟೆಂಬರ್ ಮರೆಯೋಕಾಗಲ್ಲ. ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಮೊದಲಿಗೆ ತೆಗೆಯೋಕೆ ಬಿಟ್ಟಿದ್ದು ಬರೀ 1,000 ರೂಪಾಯಿ. ಆಗ ವಿಮೆ ಇದ್ದಿದ್ದು 1 ಲಕ್ಷಕ್ಕೆ, 5 ಲಕ್ಷ ಆಗಿದ್ದು 2020ರ ಫೆಬ್ರವರಿಯಲ್ಲಿ. ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಲ್ಲಿ ಸೇರಿದ್ದು 2022ರ ಜನವರಿಯಲ್ಲಿ, ದೊಡ್ಡ ಮೊತ್ತ ಇಟ್ಟವರಿಗೆ ಪೂರ್ತಿ ವಾಪಸ್ ಸಿಗೋಕೆ 10 ವರ್ಷದ ತನಕ ಕಂತು. 70ರ ಹತ್ತಿರ ಇರೋರಿಗೆ 10 ವರ್ಷ ಅಂದ್ರೆ ಏನು ಅಂತ ನಾನು ಬೇರೆ ಹೇಳಬೇಕಾ. ಈ ಕಥೆ ಹೇಳಿದ ಮೇಲೆ ಚಿಕ್ಕಮ್ಮನಿಗೆ ವಿಷಯ ಹೊಕ್ಕಿತು, ಯಾಕಂದ್ರೆ ಆಗ ಟಿವಿಯಲ್ಲಿ ಬ್ಯಾಂಕ್ ಮುಂದೆ ಅಳ್ತಾ ನಿಂತ ಹೆಂಗಸರನ್ನ ಅವರು ನೋಡಿದ್ರು.

ತಮ್ಮ ಅಂದ್ರೆ ಪುಣೆಯಲ್ಲಿರೋ ಅವರ ಮಗ ಬೇರೆ ಲೆಕ್ಕ ತಂದಿದ್ದ. 20 ಲಕ್ಷ ಮ್ಯೂಚುವಲ್ ಫಂಡಿಗೆ ಹಾಕಿ ತಿಂಗಳು ತಿಂಗಳು ಇಷ್ಟು ಅಂತ ತೆಗೆಯೋದು, ಎಸ್‌ಡಬ್ಲ್ಯೂಪಿ. ಅವನ ವಾದ ತಪ್ಪಲ್ಲ, ದೀರ್ಘಕಾಲಕ್ಕೆ ಬೆಲೆ ಏರಿಕೆಯನ್ನ ಹಿಂದೆ ಹಾಕೋದು ಅದೇನೆ. ಆದ್ರೆ ನಾನು ಚಿಕ್ಕಮ್ಮನ ಎದುರಿಗೇ ಕೇಳಿದೆ: 2020ರಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಶೇರು ಮಾರುಕಟ್ಟೆಯ ಸೂಚ್ಯಂಕ ನಿಫ್ಟಿ ನೂರಕ್ಕೆ 38ರಷ್ಟು ಬಿದ್ದಿತ್ತು, ಫಂಡಲ್ಲಿ ಎಲ್ಲ ಶೇರೇ ಇರಲ್ಲ ಆದ್ರೂ ನಿಮ್ಮ 20 ಲಕ್ಷ ಒಂದು ದಿನ ಸ್ಟೇಟ್‌ಮೆಂಟಲ್ಲಿ 16 ಅಂತ ಕಂಡ್ರೆ ಏನ್ ಮಾಡ್ತೀರಿ ಅಂತ. "ಅವತ್ತೇ ತೆಗೆಸ್ತೇನೆ" ಅಂದ್ರು, ಒಂದು ಕ್ಷಣ ಕೂಡ ತಡ ಮಾಡ್ಲಿಲ್ಲ. ಬಿದ್ದಾಗ ಮಾರೋರಿಗೆ ಎಷ್ಟೇ ಒಳ್ಳೇ ಫಂಡ್ ಇದ್ರೂ ನಷ್ಟವೇ. ಅಲ್ಲಿಗೆ ತಮ್ಮ ಸುಮ್ಮನಾದ. ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಬಾಂಡ್ ಬಗ್ಗೆನೂ ಕೇಳಿದ, ಬಡ್ಡಿ 8.05 ಚೆನ್ನಾಗೇ ಇದೆ, ಆದ್ರೆ ಬಡ್ಡಿ ಬರೋದು ಆರು ತಿಂಗಳಿಗೊಮ್ಮೆ, ಮತ್ತೆ 60ರಿಂದ 70ರ ಒಳಗಿನವರು 6 ವರ್ಷ ಮುಟ್ಟೋ ಹಾಗಿಲ್ಲ. ಬಿಟ್ವಿ.

ಕೊನೆಗೆ ನಿಂತಿದ್ದು ಮೂರೇ ಕಡೆ. 30 ಲಕ್ಷ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಿಗೆ, 9 ಲಕ್ಷ ಪೋಸ್ಟ್ ಆಫೀಸ್ ಮಂತ್ಲಿ ಇನ್ಕಂ ಸ್ಕೀಮಿಗೆ, ಉಳಿದ 9 ಲಕ್ಷ ಬ್ಯಾಂಕ್ ಎಫ್‌ಡಿ.

ಸೀನಿಯರ್ ಸಿಟಿಜನ್ ಸ್ಕೀಮಲ್ಲಿ ಒಬ್ಬರಿಗೆ ಗರಿಷ್ಠ 30 ಲಕ್ಷ, 2023ರ ಏಪ್ರಿಲ್ ತನಕ 15 ಇತ್ತು. ಬಡ್ಡಿ 8.2. ಖಾತೆ ತೆರೆದ ದಿನ ಇದ್ದ ರೇಟೇ 5 ವರ್ಷ ಪೂರ್ತಿ, ಆಮೇಲೆ ಸರ್ಕಾರ ಇಳಿಸಿದ್ರೂ ನಮಗೆ ತಟ್ಟಲ್ಲ. 2025ರಲ್ಲಿ ಇದು ದೊಡ್ಡ ವಿಷಯ, ಯಾಕಂದ್ರೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ, ಅಂದ್ರೆ ರೆಪೋ, ಫೆಬ್ರವರಿಯಿಂದ ಇಳಿಸ್ತಾ ಬಂದಿತ್ತು, ಬ್ಯಾಂಕ್ ಎಫ್‌ಡಿ ರೇಟು ಕಣ್ಣೆದುರಿಗೇ ಇಳೀತಿತ್ತು. ಇನ್ನೊಂದು, ಈ ಖಾತೆಯನ್ನ ಬ್ಯಾಂಕಲ್ಲಿ ತೆರೆದ್ರೂ ದುಡ್ಡು ಸರ್ಕಾರದ್ದೇ ಜವಾಬ್ದಾರಿ, ಆ 5 ಲಕ್ಷದ ಲೆಕ್ಕ ಇಲ್ಲಿಗೆ ಬರಲ್ಲ. ನಾವು ರಾಷ್ಟ್ರೀಕೃತ ಬ್ಯಾಂಕಲ್ಲೇ ತೆರೆದ್ವಿ, ಪೋಸ್ಟ್ ಆಫೀಸಲ್ಲಿ ಅಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

30 ಲಕ್ಷ ಒಂದೇ ಖಾತೆಗೆ ಹಾಕಲಿಲ್ಲ. ಈ ಸ್ಕೀಮಲ್ಲಿ ಸ್ವಲ್ಪ ಮಾತ್ರ ತೆಗೀತೀನಿ ಅನ್ನೋಕಾಗಲ್ಲ, ಮುರಿದ್ರೆ ಪೂರ್ತಿ ಖಾತೆ ಮುರೀಬೇಕು. ಒಂದು ವರ್ಷದ ಒಳಗೆ ಮುರಿದ್ರೆ ಕೊಟ್ಟ ಬಡ್ಡಿನೂ ವಾಪಸ್ ಹಿಡೀತಾರೆ, ಒಂದರಿಂದ ಎರಡು ವರ್ಷದ ಒಳಗಾದ್ರೆ ಅಸಲಿನ ಒಂದೂವರೆ ಪರ್ಸೆಂಟ್, ಎರಡು ವರ್ಷ ದಾಟಿದ್ರೆ ಒಂದು ಪರ್ಸೆಂಟ್. 30 ಲಕ್ಷದ ಒಂದೇ ಖಾತೆ ಇದ್ದು 5 ಲಕ್ಷದ ಆಪರೇಶನ್ ಬಂತು ಅಂದ್ರೆ ಪೂರ್ತಿ 30ರ ಮೇಲೆ ದಂಡ. ಅದಕ್ಕೆ ಮೂರು ಖಾತೆ, 12, 10, 8, ಬೇರೆ ಬೇರೆ ತಿಂಗಳಲ್ಲಿ. ದುಡ್ಡು ಬಂದಿದ್ದೂ ಹಾಗೇನೆ, ಸೇವಿಂಗ್ಸ್ ಅಕೌಂಟಿನ 12 ಜೂನ್ 10ಕ್ಕೆ ಹೋಯ್ತು.

ಸಹಕಾರಿ ಬ್ಯಾಂಕಿನ 9 ಲಕ್ಷದ ಎಫ್‌ಡಿಗೆ ಇನ್ನೂ 26 ತಿಂಗಳು ಇತ್ತು, ಅದನ್ನ ಮುರಿದ್ವಿ. ಇಟ್ಟಷ್ಟು ಕಾಲಕ್ಕೆ ಇದ್ದ ರೇಟಲ್ಲಿ ಒಂದು ಪರ್ಸೆಂಟ್ ಕಡಿಮೆ ಮಾಡಿ ಕೊಟ್ರು, ಚಿಕ್ಕಮ್ಮನಿಗೆ ಆ ನಷ್ಟ ಸಹಿಸೋಕೆ ತುಂಬ ಕಷ್ಟ ಆಯ್ತು, ಎರಡು ದಿನ ಫೋನ್ ಮೇಲೆ ಫೋನ್. 10 ಲಕ್ಷದ್ದು ಸೆಪ್ಟೆಂಬರ್ ಮೊದಲ ವಾರ ಮುಗಿಯೋದಿತ್ತು, ಅದಕ್ಕೆ ಕಾದ್ವಿ. ಕಾಯೋದು ಸರಿನಾ ಅಂತ ನನಗೇ ಖಾತ್ರಿ ಇರಲಿಲ್ಲ, ಮೂರು ತಿಂಗಳು ಅಂತ ಧೈರ್ಯ ಮಾಡಿದ್ದು. ಇಲ್ಲಿ ನಂದೊಂದು ತಪ್ಪಾಯ್ತು. ನಮಗೆ ತೆರಿಗೆ ಬರಲ್ಲ, ಬಡ್ಡಿಯಲ್ಲಿ ಮೊದಲೇ ತೆರಿಗೆ ಹಿಡೀಬೇಡಿ ಅಂತ ಹಿರಿಯರು ಬರೆದುಕೊಡೋ 15ಎಚ್ ಫಾರಂ ಆ ಬ್ಯಾಂಕಿಗೆ ಏಪ್ರಿಲ್‌ನಲ್ಲಿ ಯಾರೂ ಕೊಟ್ಟಿರ್ಲಿಲ್ಲ, ನಾನು ಕೈ ಹಾಕಿದ್ದೇ ಮೇನಲ್ಲಿ, ಆದ್ರೂ ಮುರಿಯೋಕೆ ಮುಂಚೆ ಕೇಳಬೇಕಿತ್ತು, ಕೇಳಲಿಲ್ಲ. 10 ಪರ್ಸೆಂಟ್ ಟಿಡಿಎಸ್ ಹಿಡಿದ್ರು. ಈಗ ಆ ದುಡ್ಡು ವಾಪಸ್ ಬೇಕು ಅಂದ್ರೆ ಬೇರೆ ದಾರಿ ಇಲ್ಲ, ರಿಟರ್ನ್ ಹಾಕಿ ರೀಫಂಡ್ ತಗೋಬೇಕು.

ಪತ್‌ಪೇಢಿ ದುಡ್ಡು ಬಂದಿದ್ದು ಎಲ್ಲಕ್ಕಿಂತ ಕೊನೆಗೆ. ಮೊದಲ ಸಲ ಹೋದಾಗ ಮ್ಯಾನೇಜರ್ ಚಹಾ ಕುಡಿಸಿ "ಯಾಕೆ ಕಾಕೂ, ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತೀವಿ" ಅಂದ. ಎರಡನೇ ಸಲ "ಚೇರ್ಮನ್ ಸಹಿ ಆಗಬೇಕು" ಅಂದ. ಮೂರನೇ ಸಲ 2 ಲಕ್ಷದ ಒಂದು ರಸೀದಿ ಮಾತ್ರ ಕೊಟ್ಟ. ಕೇಳಿದ ದುಡ್ಡು ಕೊಡೋಕೆ ಹೀಗೆ ದಿನ ತಳ್ತಾ, ಇರೋದಕ್ಕಿಂತ ಹೆಚ್ಚು ಬಡ್ಡಿಯ ಆಸೆ ತೋರಿಸ್ತಾ ಹೋದ್ರೆ ಅಲ್ಲಿ ಕೈಯಲ್ಲಿ ದುಡ್ಡಿಲ್ಲ ಅಂತಾನೇ ಅರ್ಥ. ನಾನು ಜಗಳ ಮಾಡಲಿಲ್ಲ, ಪ್ರತಿ ಸಲ ಬರೆದ ಅರ್ಜಿ ಕೊಟ್ಟು ನಕಲಿನ ಮೇಲೆ ತಾರೀಖು ಸೀಲ್ ಹಾಕಿಸ್ಕೊಂಡೆ, ಅದು ನೋಡಿದ ಮೇಲೆ ಸ್ವಲ್ಪ ಚುರುಕಾದ್ರು. ಜೂನ್‌ನಿಂದ ಅಕ್ಟೋಬರ್ ಕೊನೆ ತನಕ ನಾಲ್ಕು ಕಂತಲ್ಲಿ 8 ಲಕ್ಷ ಬಂತು, ನವೆಂಬರ್ 3ಕ್ಕೆ ಸ್ಕೀಮಿನ ಮೂರನೇ ಖಾತೆಗೆ ಹೋಯ್ತು.

ಇನ್ನು ಬಡ್ಡಿ ಬರೋ ಕ್ರಮ. 30 ಲಕ್ಷಕ್ಕೆ 8.2ರಂತೆ ವರ್ಷಕ್ಕೆ 2,46,000. ಆದ್ರೆ ಇದು ತಿಂಗಳಿಗೆ ಬರಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಶುರುವಲ್ಲಿ 61,500ರಂತೆ ನಾಲ್ಕು ಸಲ ಬರುತ್ತೆ. ಜುಲೈ 1ಕ್ಕೆ ಮೊದಲ ಬಡ್ಡಿ ಬಿದ್ದಾಗ ಚಿಕ್ಕಮ್ಮ ಗಾಬರಿಯಾಗಿ ಫೋನ್ ಮಾಡಿದ್ರು, "12 ಲಕ್ಷಕ್ಕೆ ಬರೀ 5,600 ಬಂದಿದೆ, ಮೋಸ ಆಯ್ತು ಕಾಣ್ತದೆ" ಅಂತ. ಮೋಸ ಏನಿಲ್ಲ, ಜೂನ್ 10ರಿಂದ 30ರ ತನಕದ 21 ದಿನದ್ದಷ್ಟೇ ಅದು. ಅಕ್ಟೋಬರ್‌ನಲ್ಲಿ ಆ ಖಾತೆಗೆ ಪೂರ್ತಿ 24,600 ಬಂದ ಮೇಲೆ ಸಮಾಧಾನ ಆಯ್ತು. ಮೊದಲೇ ಹೇಳಿಟ್ಟಿದ್ರೆ ಆ ಗಾಬರಿ ಉಳೀತಿತ್ತು, ಅದು ನನ್ನ ತಪ್ಪೇ.

ಮೂರು ತಿಂಗಳಿಗೊಮ್ಮೆ ಬರೋ 61,500 ಒಂದೇ ಸಲ ಪಾಸ್‌ಬುಕ್ಕಲ್ಲಿ ಕಂಡ್ರೆ ಇನ್ನೊಂದು ತೊಂದರೆ, ಮೊದಲ ತಿಂಗಳು ಕೈ ಬಿಚ್ಚಿ ಖರ್ಚಾಗಿ ಮೂರನೇ ತಿಂಗಳು ತಡಕಾಡೋ ಹಾಗಾಗುತ್ತೆ. ಅದೂ ಅಲ್ಲದೆ ಯಾರಾದ್ರೂ ನೆಂಟರು ಕೈಗಡ ಕೇಳಿದ್ರೆ ಇವರಿಗೆ ಇಲ್ಲ ಅನ್ನೋಕೆ ಬರಲ್ಲ. ಅದಕ್ಕೇ ಬ್ಯಾಂಕು. ಸ್ಕೀಮಿನ ಬಡ್ಡಿ ಬೀಳೋಕೆ ಒಂದು ಬೇರೆ ಸೇವಿಂಗ್ಸ್ ಅಕೌಂಟು, ಅದಕ್ಕೆ ಎಟಿಎಂ ಕಾರ್ಡೇ ತಗೊಂಡಿಲ್ಲ, ಅಲ್ಲಿಂದ ಪ್ರತಿ ತಿಂಗಳು 5ನೇ ತಾರೀಖು ಅವರ ಪೆನ್ಶನ್ ಅಕೌಂಟಿಗೆ ದುಡ್ಡು ತಾನಾಗೇ ಹೋಗೋ ಹಾಗೆ ಸ್ಟಾಂಡಿಂಗ್ ಇನ್ಸ್‌ಟ್ರಕ್ಷನ್ ಕೊಟ್ಟಿದ್ದೀವಿ. 2026ರ ಏಪ್ರಿಲ್‌ನಿಂದ ಮೂರೂ ಖಾತೆಯ ಪೂರ್ತಿ ಬಡ್ಡಿ ಬರೋದ್ರಿಂದ ಆಗ ಅದು 20,500 ಆಗುತ್ತೆ. ಅಲ್ಲಿ ತನಕ ಕಡಿಮೆ ಬಿದ್ದದ್ದನ್ನ ಆ ಕೈಖರ್ಚಿನ ಲಕ್ಷದಿಂದ ನಡೆಸಿದ್ದು. ಚಿಕ್ಕಮ್ಮನ ಲೆಕ್ಕದಲ್ಲಿ ಇದು "ಅವರ ಸಂಬಳ". ಚಿಕ್ಕಪ್ಪ ಇದ್ದಾಗಲೂ 5ಕ್ಕೇ ಮನೆಖರ್ಚಿಗೆ ದುಡ್ಡು ಕೊಡ್ತಿದ್ರಂತೆ, ಆ ತಾರೀಖು ಆರಿಸಿದ್ದು ಅವರೇ.

ಪೋಸ್ಟ್ ಆಫೀಸಿನ ಮಂತ್ಲಿ ಸ್ಕೀಮಲ್ಲಿ ಒಬ್ಬರ ಹೆಸರಲ್ಲಿ 9 ಲಕ್ಷಕ್ಕಿಂತ ಹೆಚ್ಚು ಇಡೋಕಾಗಲ್ಲ, ಬಡ್ಡಿ 7.4, ತಿಂಗಳಿಗೆ 5,550 ಅಲ್ಲಿನ ಸೇವಿಂಗ್ಸ್ ಖಾತೆಗೆ ಬೀಳುತ್ತೆ. ಜುಲೈಯಲ್ಲಿ ಹಾಕಿದ್ದು. ಸಹಕಾರಿ ಬ್ಯಾಂಕಿನ 9 ಲಕ್ಷ ಹೋಗಿದ್ದು ಇಲ್ಲಿಗೇ. ಇದನ್ನ ತೆಗೆಯೋಕೆ ಚಿಕ್ಕಮ್ಮ ಪೋಸ್ಟ್ ಆಫೀಸಿಗೆ ನಡ್ಕೊಂಡೇ ಹೋಗ್ತಾರೆ, ಅದೂ ಒಂದು ವಾಕಿಂಗು ಅಂತೆ. ಈ ಎರಡೂ ಕಡೆ ಬಡ್ಡಿ ತೆಗೀದೆ ಬಿಟ್ರೆ ಸ್ಕೀಮ್ ಒಳಗೆ ಬಡ್ಡಿಗೆ ಬಡ್ಡಿ ಬೆಳೆಯಲ್ಲ, ಆದ್ದರಿಂದ ಸೇವಿಂಗ್ಸ್ ಖಾತೆಗೆ ತಾನಾಗೇ ಹೋಗೋ ಹಾಗೆ ಮಾಡಿಸಿರೋದು ಮುಖ್ಯ.

20,500, 5,550, ಪೆನ್ಶನ್ 1,900, ಒಟ್ಟು 27,950. ಬೇಕಿದ್ದದ್ದು 27,000.

ಇಲ್ಲಿಗೆ ಮುಗೀತು ಅಂತ ತುಂಬ ಜನ ಅಂದ್ಕೊಳ್ತಾರೆ, ಆದ್ರೆ ಬಡ್ಡಿ 5 ವರ್ಷ ಕದಲಲ್ಲ, ಖರ್ಚು ಪ್ರತಿ ವರ್ಷ ಏರುತ್ತೆ. ವರ್ಷಕ್ಕೆ 6 ಪರ್ಸೆಂಟ್ ಏರಿಕೆ ಅಂತ ಹಿಡಿದ್ರೆ ಎರಡನೇ ವರ್ಷ ತಿಂಗಳಿಗೆ 670 ಸಾಲದು, ಮೂರನೇ ವರ್ಷ 2,400, ನಾಲ್ಕನೇ ವರ್ಷ 4,200, ಐದನೇ ವರ್ಷ 6,100 ಆಸುಪಾಸು. 5 ವರ್ಷದ್ದು ಕೂಡಿಸಿದ್ರೆ ಕೊರತೆ ಸುಮಾರು 1.6 ಲಕ್ಷ. ಆ ಮೂರನೇ ಪಾಲು 9 ಲಕ್ಷ ಇರೋದೇ ಇದಕ್ಕೆ ಮತ್ತೆ ಆಸ್ಪತ್ರೆಗೆ. ಅದರಿಂದ ತಿಂಗಳಿಗೆ ಬಡ್ಡಿ ತಗೊಳ್ತಿಲ್ಲ, ಒಳಗೇ ಬೆಳೆಯೋಕೆ ಬಿಟ್ಟಿದ್ದೀವಿ. ಆರೂವರೆ ಬಡ್ಡಿ ಸಿಕ್ತಾ ಹೋದ್ರೆ 5 ವರ್ಷಕ್ಕೆ ಅದು 12.4 ಲಕ್ಷ ಆಗುತ್ತೆ, ಕೊರತೆ ತುಂಬಿದ ಮೇಲೂ 10 ಲಕ್ಷಕ್ಕಿಂತ ಜಾಸ್ತಿ ಉಳಿಯುತ್ತೆ. ಮುಂದಿನ ವರ್ಷಗಳಿಗೂ ಹೀಗೇ ಎಳೆದು ನೋಡಿದೆ, ಬಡ್ಡಿ ಇಷ್ಟೇ ಇದ್ರೆ ಅಸಲು 39 ಲಕ್ಷ ಮುಟ್ಟದೆ ಸುಮಾರು 80ನೇ ವಯಸ್ಸಿನ ತನಕ ನಡೆಯುತ್ತೆ. ಆಮೇಲೆ ಅಸಲನ್ನೇ ಸ್ವಲ್ಪ ಸ್ವಲ್ಪ ತಿನ್ನಬೇಕು. ಅದನ್ನ ಹೇಳಿದಾಗ ಚಿಕ್ಕಮ್ಮನಿಗೆ ಬೇಜಾರಾಯ್ತು, "ಮಕ್ಕಳಿಗೆ ಏನು ಬಿಡೋದು" ಅಂತ. ಮಗಳು ಬೆಂಗಳೂರಿಂದ ಫೋನಲ್ಲೇ "ಅಮ್ಮಾ, ಆ ಫ್ಲಾಟ್ ಒಂದೇ ಸಾಕು" ಅಂತ ಬೈದ್ಳು.

ಆ 9 ಲಕ್ಷ ಎರಡು ರಾಷ್ಟ್ರೀಕೃತ ಬ್ಯಾಂಕಲ್ಲಿ ನಾಲ್ಕೂವರೆ ನಾಲ್ಕೂವರೆ, ಅದನ್ನೂ ಒಂದೂವರೆ ಲಕ್ಷದ ಮೂರು ಮೂರು ತುಂಡು, ಒಂದು, ಎರಡು, ಮೂರು ವರ್ಷಕ್ಕೆ. ಆಸ್ಪತ್ರೆಗೆ 1 ಲಕ್ಷ ಬೇಕಾದ್ರೆ ಒಂದು ತುಂಡು ಮುರಿದ್ರೆ ಸಾಕು, ಬಾಕಿ ಐದು ಅಲುಗಾಡಲ್ಲ. ಬೆಳೀತಾ ಬೆಳೀತಾ ಇದೂ ಒಂದೊಂದು ಬ್ಯಾಂಕಲ್ಲಿ 5 ಲಕ್ಷ ದಾಟುತ್ತೆ, ಗೊತ್ತು. ಸರ್ಕಾರಿ ಬ್ಯಾಂಕ್ ಅಂತ ನಾನು ಅಷ್ಟು ತಲೆ ಕೆಡಿಸ್ಕೊಂಡಿಲ್ಲ, ನಿಮಗೆ ಬೇಕಿದ್ರೆ ಮೂರನೇ ಬ್ಯಾಂಕಿಗೆ ಹಂಚಿ.

ಟ್ಯಾಕ್ಸ್ ವಿಷಯ ಚಿಕ್ಕದು. ಪೂರ್ತಿ ವರ್ಷದ್ದು ಲೆಕ್ಕ ಹಾಕಿದ್ರೆ ಸ್ಕೀಮಿನದ್ದು 2,46,000, ಪೋಸ್ಟ್ ಆಫೀಸಿನದ್ದು 66,600, ಎಫ್‌ಡಿಯಲ್ಲಿ ಬೆಳೆಯೋ ಬಡ್ಡಿ ಸುಮಾರು 58,500, ಪೆನ್ಶನ್ 22,800, ಒಟ್ಟು 3.94 ಲಕ್ಷ. ಹೊಸ ಪದ್ಧತಿಯಲ್ಲಿ 2025-26ಕ್ಕೆ 4 ಲಕ್ಷದ ತನಕ ತೆರಿಗೆನೇ ಇಲ್ಲ, ಸ್ವಲ್ಪ ದಾಟಿದ್ರೂ 12 ಲಕ್ಷದ ತನಕ ರಿಬೇಟ್ ಇದೆ. ಎಫ್‌ಡಿ ಬಡ್ಡಿ ಕೈಗೆ ಬರದಿದ್ರೂ ವರ್ಷ ವರ್ಷ ಲೆಕ್ಕಕ್ಕೆ ಸೇರಿಸಬೇಕು, ಇದು ಮರೀಬೇಡಿ. ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಟಿಡಿಎಸ್ ನಿಲ್ಲಲ್ಲ, ಹಿರಿಯರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದ್ರೆ 10 ಪರ್ಸೆಂಟ್ ಹಿಡೀತಾರೆ, ಸ್ಕೀಮಿನ ಬಡ್ಡಿ ಮೇಲೇ ವರ್ಷಕ್ಕೆ 24,600 ಹೋಗುತ್ತೆ. ಒಂದು ತಿಂಗಳ ಮನೆಖರ್ಚಷ್ಟು ದುಡ್ಡು ಅದು. ಅದಕ್ಕೆ ಎಲ್ಲ ಕಡೆ ಟಿಡಿಎಸ್ ಬೇಡ ಅನ್ನೋ ಫಾರಂ, 2025-26ರ ತನಕ ಅದು 15ಎಚ್, ಪ್ರತಿ ವರ್ಷ ಏಪ್ರಿಲ್ ಮೊದಲ ವಾರ, ಹೋದ ವರ್ಷ ಕೊಟ್ಟಿದ್ದು ಈ ವರ್ಷಕ್ಕೆ ಬರಲ್ಲ. 2026ರ ಏಪ್ರಿಲ್ 1ರಿಂದ ಹೊಸ ಇನ್ಕಂ ಟ್ಯಾಕ್ಸ್ ಕಾಯ್ದೆ ಬಂದಿರೋದ್ರಿಂದ ಈಗಿನ ಫಾರಂ ಯಾವುದು ಅಂತ ಬ್ಯಾಂಕಲ್ಲಿ ಕೇಳಿಯೇ ತುಂಬಿಸ್ತೀನಿ.

ನಾಮಿನಿ ಎಲ್ಲ ಕಡೆ ಮಗ ಮಗಳು ಇಬ್ಬರನ್ನೂ ಹಾಕಿದ್ದೀವಿ, ಅದರಲ್ಲಿ ಹೇಳೋ ಹಾಗೆ ಏನೂ ಆಗ್ಲಿಲ್ಲ.

ಇದರಲ್ಲಿ ನನಗೆ ಸಮಾಧಾನ ಇಲ್ಲದೆ ಉಳಿದಿರೋದು 2030. ಮೂರೂ ಖಾತೆ ಆ ವರ್ಷ ಜೂನ್, ಸೆಪ್ಟೆಂಬರ್, ನವೆಂಬರ್‌ನಲ್ಲಿ ಮುಗಿಯುತ್ತೆ, ಪೋಸ್ಟ್ ಆಫೀಸಿನದ್ದು ಜುಲೈಯಲ್ಲಿ. ಸ್ಕೀಮನ್ನ 3 ವರ್ಷ ಮುಂದುವರಿಸಬಹುದು, ಮುಗಿದ ಒಂದು ವರ್ಷದ ಒಳಗೆ ಅರ್ಜಿ ಕೊಡಬೇಕು, ಆದ್ರೆ ಆಗ ಸಿಗೋದು ಖಾತೆ ಮುಗಿದ ದಿನ ಇದ್ದ ರೇಟು. ಅದು 7ಕ್ಕೆ ಇಳಿದಿದ್ರೆ 30 ಲಕ್ಷದ ಮೇಲೆ ತಿಂಗಳಿಗೆ 3,000 ಕಡಿಮೆ, ಆಗ ಆ 80ನೇ ವಯಸ್ಸಿನ ಲೆಕ್ಕ ಸುಮಾರು ಒಂದು ವರ್ಷ ಹಿಂದೆ ಬರುತ್ತೆ. ಈ ನಾಲ್ಕು ತಾರೀಖು ದೊಡ್ಡ ಅಕ್ಷರದಲ್ಲಿ ಬರೆದು ಚಿಕ್ಕಮ್ಮನ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೀನಿ, ನಕಲು ಮಗನ ಹತ್ತಿರ ಒಂದು, ಮಗಳ ಹತ್ತಿರ ಒಂದು. ಚಿಕ್ಕಮ್ಮ ಅದರ ಕೆಳಗೆ ಪೆನ್ಸಿಲಲ್ಲಿ ತಾವೇ ಒಂದು ಸಾಲು ಸೇರಿಸಿದ್ದಾರೆ: ಪತ್‌ಪೇಢಿಯವ ಬಂದ್ರೆ ಚಹಾ ಕೊಡೋದು, ದುಡ್ಡು ಕೊಡೋದಲ್ಲ.